ಬ್ಯಾಟರಿಗೆ ಬಂದ ಬಿಳಿ ಗಡ್ಡ

ಹಾರನ್ ಕೂಗುತ್ತದೆ, ಹೆಡ್‌ಲೈಟೂ ಉರಿಯುತ್ತದೆ. ಕೀಲಿ ತಿರುಗಿಸಿದರೆ ಮಾತ್ರ ಕಾರು 'ಟಕ್' ಎಂದು ಸುಮ್ಮನಾಗುತ್ತದೆ. ಅಷ್ಟರಲ್ಲಿ ಪಕ್ಕದ ಮನೆಯವರು 'ಬ್ಯಾಟರಿ ಹೋಯ್ತು ಸಾರ್' ಎಂದು ತೀರ್ಪು ಕೊಟ್ಟಾಗಿರುತ್ತದೆ. ಮೊದಲು ಬಾನೆಟ್ ಎತ್ತಿ ನೋಡಿ: ಟರ್ಮಿನಲ್‌ಗೆ ಬಿಳಿ ಗಡ್ಡ! ಆಮ್ಲದ ಆವಿ ಸೀಸವನ್ನು ತಿಂದು ಬೆಳೆಸಿದ್ದು ಅದು. ಹೆಡ್‌ಲೈಟಿನ ಹತ್ತು ಆಂಪಿಯರ್ ಹೇಗೋ ನುಸುಳುತ್ತದೆ; ಸ್ಟಾರ್ಟರ್ ನೂರಕ್ಕೂ ಹೆಚ್ಚು ಕೇಳುತ್ತದೆ. ಆಗ ಬರೀ 0.02 ಓಮ್ ತಡೆಯಿದ್ದರೂ 2 ವೋಲ್ಟ್ ಅಲ್ಲೇ ಗುಳುಂ.

ಕ್ಷೌರಕ್ಕೆ ಕೈಗವಸು, ಕನ್ನಡಕ ಬೇಕು. ಎಂಜಿನ್ ಆಫ್ ಮಾಡಿ ಮೊದಲು ನೆಗೆಟಿವ್ ಬಿಚ್ಚಿ. ಪಾಸಿಟಿವ್‌ಗೆ ಮೊದಲು ಹಾಕಿದ ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ. ಲೋಟ ನೀರಿಗೆ ಚಮಚ ಅಡುಗೆ ಸೋಡಾ ಕಲಸಿ, ಹಳೆಯ ಟೂತ್‌ಬ್ರಷ್‌ನಿಂದ ನೊರೆ ನಿಲ್ಲುವವರೆಗೂ ಉಜ್ಜಿ. ಮುಚ್ಚಳದೊಳಗೆ ಮಾತ್ರ ಇಳಿಸಬೇಡಿ, ಒಳಗಿನ ಆಮ್ಲವೂ ಕೆಟ್ಟೀತು. ತೊಳೆದು, ಒರೆಸಿ, ಪಾಸಿಟಿವ್ ಮೊದಲು, ನೆಗೆಟಿವ್ ಆಮೇಲೆ ಬಿಗಿದು ವ್ಯಾಸಲೀನ್ ಸವರಿ.