ಎಂಟು ಗುಂಟೆಯ ಅಲೆದಾಟ

ರೈತನ ಪಹಣಿಯಲ್ಲಿ 3 ಎಕರೆ 20 ಗುಂಟೆ. ಆಕಾರಬಂದಿನಲ್ಲಿ 3 ಎಕರೆ 12 ಗುಂಟೆ. ಪೋಡಿ ನಿಂತುಹೋಯಿತು.

“ಮೊದಲು ಸರ್ವೆಯವರು ಅಳತೆ ಸರಿಮಾಡಲಿ,” ಎಂದಿತು ತಹಶೀಲ್ದಾರ್ ಕಚೇರಿ.

“ಮೊದಲು ಪಹಣಿ ತಿದ್ದಿಸಿಕೊಂಡು ಬಾ,” ಎಂದಿತು ಸರ್ವೆ ಇಲಾಖೆ.

ಎರಡೂ ಕಂದಾಯ ಸಚಿವರ ಕೈಕೆಳಗೇ ಇರುವುದರಿಂದ ರೈತ ಅವರಿಗೇ ಪತ್ರ ಬರೆಯಲು ಕೂತ. ಮೊದಲೆರಡು ಪುಟ ಅಜ್ಜ ತೋಡಿಸಿದ ಬಾವಿ, ದಾಯಾದಿಗಳ ಹೊಟ್ಟೆಕಿಚ್ಚಿಗೇ ಮುಗಿದವು.

ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಅಷ್ಟಕ್ಕೂ ಗೀಟು ಹೊಡೆದರು. “ಇದನ್ನೆಲ್ಲ ಯಾರು ಓದ್ತಾರಪ್ಪಾ? ಸರ್ವೆ ನಂಬರು, ಅರ್ಜಿ ಸಂಖ್ಯೆ, 8 ಗುಂಟೆ ವ್ಯತ್ಯಾಸ, ಇಷ್ಟು ಬರಿ. ಎರಡೂ ಕಚೇರಿಯ ಹಿಂಬರಹ ಎಲ್ಲಿ?”

“ಬಾಯಲ್ಲೇ ಹೇಳಿದ್ರು ಸಾರ್.”

“ಹಾಗಾದ್ರೆ ನಾವು ಹೇಳೇ ಇಲ್ಲ ಅಂತಾರೆ. ಬರಹದಲ್ಲಿ ಇಸ್ಕೊಂಡು ಎರಡನ್ನೂ ಲಗತ್ತಿಸು. ಕೋರಿಕೆ ಒಂದೇ ಇರಲಿ: ಯಾರು ಮೊದಲು ತಿದ್ದಬೇಕು ಅಂತ ಜಿಲ್ಲಾಧಿಕಾರಿಗಳು ಇಬ್ಬರನ್ನೂ ಕೂರಿಸಿ ತೀರ್ಮಾನಿಸಲಿ.”

“‘ನ್ಯಾಯ ಕೊಡಿಸಿ’ ಅಂತ ಬರೆದ್ರೆ ಸಾಲದಾ?”

“‘ನಿಯಮಾನುಸಾರ ಪರಿಶೀಲಿಸಿ’ ಅಂತ ಷರಾ ಹಾಕಿ ತಹಶೀಲ್ದಾರರಿಗೇ ಕಳಿಸ್ತಾರೆ. ಅವರು ಸರ್ವೆಯವರಿಗೆ ಕಳಿಸ್ತಾರೆ.”

“ಸರ್ವೆಯವರು?”

“ಪಹಣಿ ತಿದ್ದಿಸ್ಕೊಂಡು ಬಾ ಅಂತಾರೆ. ಈ ಸಲ ಸಚಿವರ ಕಚೇರಿಯ ಉಲ್ಲೇಖ ಸಂಖ್ಯೆ ಸಮೇತ.”