ಲ್ಯಾಂಡ್‌ಸ್ಲೈಡಿನ ಸ್ಲೈಡು

ರಾತ್ರಿ ಹನ್ನೊಂದು ಮುಕ್ಕಾಲಿಗೆ ಫೋನು ಟಿಣ್ ಎಂದರೆ ಮೇಷ್ಟ್ರಾದವನಿಗೆ ಎರಡೇ ಊಹೆ. ನೆಂಟರಲ್ಲಿ ಯಾರಿಗೋ ಏನೋ ಆಗಿದೆ, ಇಲ್ಲವೇ ಪರೀಕ್ಷೆಯ ವೇಳಾಪಟ್ಟಿ ಬಂದಿದೆ. ನನಗೆ ಬಂದ ಮೇಲ್ ನೋಡಿದರೆ ಎರಡನೆಯದಕ್ಕೇ ಹತ್ತಿರವಾಗಿತ್ತು, ಆದರೆ ಓದಿದಾಗ ಮೊದಲನೆಯದರಷ್ಟೇ ದುಃಖವಾಯಿತು.

ವಿಷಯದ ಜಾಗ ಖಾಲಿ. ಕಳಿಸಿದವರ ಹೆಸರಿನ ಜಾಗದಲ್ಲಿ ‘ಮಲೆನಾಡ್ ಹುಲಿ’. ಒಳಗೆ ಇಷ್ಟೇ: ‘ರೆಸ್ಪೆಕ್ಟೆಡ್ ಸಾರ್, ಸ್ಲೈಡ್ ಬಂದಿಲ್ಲ, ಕಳಿಸಿ. ಎಕ್ಸಾಮಿಗೆ ಇಂಪಾರ್ಟೆಂಟ್ ಯಾವ್ದು ಹೇಳಿ. ಅರ್ಜೆಂಟ್. ಯುವರ್ಸ್ ಒಬಿಡಿಯೆಂಟ್ಲಿ.’ ಒಬಿಡಿಯೆಂಟ್ ಯಾರೆಂದು ಬರೆದಿರಲಿಲ್ಲ. ಯಾವ ತರಗತಿ, ಯಾವ ಪತ್ರಿಕೆ, ಯಾವ ಸ್ಲೈಡು, ಒಂದೂ ಇಲ್ಲ. ಭೂಗೋಳದ ಮೇಷ್ಟ್ರು ಕಾಡಿನಲ್ಲಿ ಹುಲಿಯ ಹೆಜ್ಜೆ ನೋಡಿ ಹೇಳಬಲ್ಲನೇನೋ, ಮೇಲಿನಲ್ಲಿ ಹೇಗೆ ಹೇಳುವುದು?

ಆದರೂ ನನಗೆ ಗೊತ್ತಾಯಿತು. ಪ್ರತಿ ತರಗತಿಯಲ್ಲೂ ಇಂಥ ಒಬ್ಬನಿರುತ್ತಾನೆ. ನಮ್ಮಲ್ಲಿ ಅವನಿಗೆ ಹುಡುಗರು ಇಟ್ಟ ಹೆಸರೇ ‘ಇಂಪಾರ್ಟೆಂಟು’. ಹಿಮಾಲಯ ಹುಟ್ಟಿದ್ದು ಹೇಗೆ ಅಂತ ನಾನು ಕೈ ಬೀಸಿ ಹೇಳುತ್ತಿದ್ದರೆ, ಅವನು ಪೆನ್ನಿನ ಮುಚ್ಚಳವನ್ನೂ ತೆಗೆಯದೆ ಕೂತಿರುತ್ತಾನೆ. ‘ಇದು ಬರುತ್ತೆ’ ಅಂದೆನೋ, ತಕ್ಷಣ ಬರೆದುಕೊಂಡು ಎರಡು ಗೆರೆ ಎಳೆದು ನಕ್ಷತ್ರ ಹಾಕುತ್ತಾನೆ. ಅವನ ನೋಟ್ ಪುಸ್ತಕದಲ್ಲಿ ಪಾಠಕ್ಕಿಂತ ನಕ್ಷತ್ರಗಳೇ ಹೆಚ್ಚು. ಖಗೋಳಶಾಸ್ತ್ರ ತೆಗೆದುಕೊಳ್ಳಬೇಕಿದ್ದ ಹುಡುಗ, ದಾರಿ ತಪ್ಪಿ ಭೂಗೋಳಕ್ಕೆ ಬಂದ.

ಊರು ಹೆಗ್ಗದ್ದೆ. ಸಕಲೇಶಪುರದಿಂದ ದೋಣಿಗಾಲ್ ದಾಟಿ ಶಿರಾಡಿ ಘಾಟಿಯ ಕಡೆ ಹೋಗುವ ಹೆದ್ದಾರಿಯಲ್ಲಿ ಸಿಗುತ್ತದೆ. ಅವನು ತರಗತಿ ತಪ್ಪಿಸಿದ್ದಕ್ಕೆ ಕೊಡುವ ಕಾರಣಗಳನ್ನು ಜೋಡಿಸಿದರೆ ಮಲೆನಾಡಿನ ಪಂಚಾಂಗವೇ ಆಗುತ್ತದೆ. ಡಿಸೆಂಬರಿನಲ್ಲಿ ‘ಕಾಫಿ ಕುಯ್ಲು ಸಾರ್’, ಏಪ್ರಿಲಿನಲ್ಲಿ ‘ತೋಟದಲ್ಲಿ ಆನೆ ಸಾರ್’, ಜುಲೈನಲ್ಲಿ ‘ಕರೆಂಟಿಲ್ಲ, ಬಸ್ಸಿಲ್ಲ, ಗುಡ್ಡ ಜರಿದಿದೆ ಸಾರ್’. ಸುಳ್ಳೆನ್ನುವ ಹಾಗಿಲ್ಲ, ಮೂರೂ ನಿಜ. 2024ರ ಜುಲೈನಲ್ಲಿ ದೊಡ್ಡತಪ್ಪಲಿನ ಬಳಿ ಹೆದ್ದಾರಿಯ ಮೇಲೇ ಗುಡ್ಡ ಕುಸಿದಿತ್ತು. ಅದೇ ತಿಂಗಳು ಎಡಕುಮೇರಿಯ ಹತ್ತಿರ ಹಳಿಯ ಕೆಳಗಿನ ಮಣ್ಣು ಜಾರಿ ರೈಲೂ ದಿನಗಟ್ಟಲೆ ನಿಂತಿತ್ತು.

ಬೆಳಿಗ್ಗೆ ಉತ್ತರ ಬರೆದೆ: ‘ಯಾವ ಸ್ಲೈಡಪ್ಪಾ?’ ಮಧ್ಯಾಹ್ನದವರೆಗೆ ಸದ್ದಿಲ್ಲ. ನೆಟ್‌ವರ್ಕ್ ಸಿಗುವ ದಿಬ್ಬ ಹತ್ತಿ ಅವನು ಉತ್ತರಿಸಿದ: ‘ಲ್ಯಾಂಡ್‌ಸ್ಲೈಡಿನ ಸ್ಲೈಡು ಸಾರ್. ಅವತ್ತು ಲ್ಯಾಂಡ್‌ಸ್ಲೈಡ್ ಆಗಿ ಬರಕ್ಕಾಗ್ಲಿಲ್ಲ.’

ಎಲ್ಲವನ್ನೂ ಗುಂಪಿಗೆ ಕಳಿಸಿದ್ದೇನಲ್ಲ, ಇವನು ತೆರೆದೇ ನೋಡಿಲ್ಲ ಎಂದು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ನನ್ನ ಕಂಪ್ಯೂಟರಿನ ಮೂಲ ಕಡತ `Unit3_final_new2.pptx` ಅನ್ನು ಹಾಗೇ ಕಳಿಸಿದೆ. ಸಂಜೆ ಉತ್ತರ: ‘ಸಾರ್, ¨sÀÆPÀÄ¹vÀ ಅಂತ ಬಂದಿದೆ. ಇದು ಸಿಲಬಸ್ಸಿನಲ್ಲಿ ಇದೆಯಾ?’

ಸಿಲಬಸ್ಸಿನಲ್ಲಿತ್ತು, ಅದು ‘ಭೂಕುಸಿತ’. ನಾನು ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ್ದೆ. ಆ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಬಾಡಿಗೆಗೆ ಇರುವ ಕನ್ನಡದವು. ನುಡಿ ಇರುವ ಕಂಪ್ಯೂಟರಿನಲ್ಲಿ ಬಾಗಿಲು ತಟ್ಟಿದರೆ ಕನ್ನಡದವರು ಬರುತ್ತಾರೆ. ಹುಡುಗನ ಮೊಬೈಲಿನಲ್ಲಿ ಮನೆಯ ಮೂಲ ಮಾಲೀಕರೇ ಎದ್ದು ಬಂದಿದ್ದರು. ಯೂನಿಕೋಡಿನಲ್ಲಿ ಬರೆದಿದ್ದರೆ, ಅಥವಾ ಅಕ್ಷರಗಳನ್ನೂ ಒಳಗೇ ಕಟ್ಟಿಕೊಂಡು ಹೋಗುವ ಪಿಡಿಎಫ್ ಮಾಡಿ ಕಳಿಸಿದ್ದರೆ ಈ ಪಾಡಿಲ್ಲ.

‘ಗುಂಪಿಗೆ ಹಾಕಿದ ಪಿಡಿಎಫ್ ನೋಡು’ ಎಂದು ಬರೆದೆ. ಅದಕ್ಕೆ ಬಂದ ಮೇಲನ್ನು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ‘ನೋಡಿದೆ ಸಾರ್. ಮೂಲೆಯಲ್ಲಿರೋ ನಂಬರು 13 ಆದ್ಮೇಲೆ 20 ಇದೆ. ಮಧ್ಯದ ಆರು ಎಲ್ಲಿ?’

ತೆಗೆದು ನೋಡಿದೆ. ನಿಜ! ಬೆಳಗಿನ ತಂಡಕ್ಕೆ ಪೂರಾ ತೋರಿಸಿದ್ದೆ. ಮಧ್ಯಾಹ್ನದ ತಂಡಕ್ಕೆ ಅರ್ಧ ಗಂಟೆಯೇ ಇದ್ದದ್ದರಿಂದ 14ರಿಂದ 19ರವರೆಗೆ ಆರು ಸ್ಲೈಡುಗಳನ್ನು ಮರೆಮಾಡಿದ್ದೆ. ಆಮೇಲೆ ಮರೆಮಾಡಿದ್ದನ್ನೇ ಮರೆತು ಪಿಡಿಎಫ್ ಮಾಡಿದ್ದೆ. ಮರೆಮಾಡಿದ ಸ್ಲೈಡು ಪಿಡಿಎಫ್‌ಗೂ ಸೇರಬೇಕೆಂದರೆ ಅದಕ್ಕೊಂದು ಗುರುತು ಹಾಕಬೇಕು, ನಾನು ಹಾಕಿರಲಿಲ್ಲ. ಆದರೆ ಸ್ಲೈಡು ಅಡಗಿದರೂ ಅದರ ನಂಬರು ಲೆಕ್ಕದಲ್ಲಿ ಉಳಿದಿರುತ್ತದೆ. ಅಡಗಿದ ಕಳ್ಳ ಬಾಗಿಲಲ್ಲೇ ಚಪ್ಪಲಿ ಬಿಟ್ಟಹಾಗೆ. ಅರುವತ್ತು ಹುಡುಗರಲ್ಲಿ ಆ ಚಪ್ಪಲಿ ಕಂಡದ್ದು ‘ಇಂಪಾರ್ಟೆಂಟಿ’ಗೆ ಮಾತ್ರ. ಈ ಮಾತನ್ನು ಮೊದಲ ಮೇಲಿನಲ್ಲೇ ಬರೆದಿದ್ದರೆ ಎರಡು ದಿನ ಉಳಿಯುತ್ತಿತ್ತು, ನನ್ನ ಮಾನವೂ ಒಂದಷ್ಟು ಉಳಿಯುತ್ತಿತ್ತು.

ಆರು ಸ್ಲೈಡು ಕಳಿಸಿದೆ. ಆದರೆ ಅರ್ಜಿಯ ಎರಡನೇ ಭಾಗ ಹಾಗೇ ಇತ್ತಲ್ಲ. ಫೋನು ಬಂತು.

‘ಸಾರ್, ಇಂಪಾರ್ಟೆಂಟು?’

‘ಸೆಮಿಸ್ಟರ್ ಪತ್ರಿಕೆ ನಾನು ತೆಗೆಯಲ್ಲಪ್ಪಾ. ವಿಶ್ವವಿದ್ಯಾಲಯದಿಂದ ಬರುತ್ತೆ. ಲಕೋಟೆ ಒಡೆದಾಗಲೇ ನನಗೂ ಗೊತ್ತಾಗೋದು.’

‘ಆದ್ರೂ ನಿಮ್ಗೆ ಗೊತ್ತಿರುತ್ತೆ ಸಾರ್.’

ಈ ‘ಆದ್ರೂ’ ಇದೆಯಲ್ಲ, ಅದನ್ನು ಯಾವ ಮೇಷ್ಟ್ರೂ ಗೆದ್ದದ್ದಿಲ್ಲ. ‘ಒಳಪರೀಕ್ಷೆಗಾದರೆ ಕೇಳು, ಅದರ ಪತ್ರಿಕೆ ನನ್ನದು, ಎಷ್ಟು ಪಾಠದವರೆಗೆ ಅಂತ ಹೇಳ್ತೀನಿ. ಸೆಮಿಸ್ಟರಿಗೆ ಮೂರು ವರ್ಷದ ಹಳೆ ಪತ್ರಿಕೆ ತಗೊಂಡು ಯಾವ ಘಟಕದಿಂದ ಎಷ್ಟು ಅಂಕ ಬಂದಿದೆ ಅಂತ ಗೀಟು ಹಾಕು. ಪ್ರಶ್ನೆ ಬದಲಾಗಬಹುದು, ಹಂಚಿಕೆ ಅಷ್ಟಾಗಿ ಬದಲಾಗಲ್ಲ’ ಅಂದೆ. ಆ ಕಡೆ ಮೌನ. ನಾನು ಅವನಿಗೆ ಕೆಲಸ ಕೊಟ್ಟಿದ್ದೆ. ಅವನು ಕೇಳಿದ್ದು ಪ್ರಸಾದ.

‘ಆಯ್ತು, ಗುಡ್ಡ ಯಾಕೆ ಕುಸಿಯುತ್ತೆ, ಹೇಳು ನೋಡೋಣ’ ಅಂದೆ.

‘ಅದು ನಮ್ಮನೆ ಹಿಂದೇನೇ ಆಗಿದೆಯಲ್ಲ ಸಾರ್. ಬುಡವನ್ನ ಗೋಡೆ ಥರ ನೆಟ್ಟಗೆ ಕಡಿದವ್ರೆ. ಮೇಲಿನ ಮಣ್ಣಿಗೆ ಕಾಲಿಡೋಕೆ ಜಾಗ ಇಲ್ಲ. ವಾರ ಬಿಡದೆ ಮಳೆ ಹಿಡಿದ್ರೆ ಮಣ್ಣು ನೀರು ಕುಡಿದು ಭಾರ ಆಗುತ್ತೆ, ಹಿಡಿತ ಬಿಡುತ್ತೆ. ಮೊದಲು ನೆತ್ತೀಲಿ ಬಿರುಕು ಕಾಣುತ್ತೆ. ಸಿಲ್ವರ್ ಮರ ವಾಲುತ್ತೆ. ಬುಡದಲ್ಲಿ ಜಿನುಗೋ ನೀರು ಕೆಂಪಾಗುತ್ತೆ. ಅವತ್ತು ಅಪ್ಪ ದನ ಬಿಚ್ಚಿ ಆಚೆ ಕಟ್ಟಿದ್ರು. ರಾತ್ರಿ ಬಿತ್ತು.’

ನಾನು 14ರಿಂದ 19ರವರೆಗಿನ ಸ್ಲೈಡುಗಳನ್ನು ಒಂದೊಂದಾಗಿ ನೋಡಿದೆ. ಬುಡದ ಆಸರೆ ತಪ್ಪುವುದು, ಮಣ್ಣಿನ ಸಂದಿಗಳಲ್ಲಿ ನೀರು ತುಂಬುವುದು, ಬಿರುಕು, ವಾಲಿದ ಮರ, ಕೆಸರು ನೀರು. ಆರರಲ್ಲಿ ಐದು ಬಂದಿದ್ದವು. ಆರನೆಯದು ಬೇರೆ ಯಾವುದೋ ದೇಶದ ಚಿತ್ರ. ದನ ಬಿಚ್ಚಿ ಕಟ್ಟುವ ಮಾತು ನನ್ನ ಸ್ಲೈಡಿನಲ್ಲಿ ಎಲ್ಲೂ ಇರಲಿಲ್ಲ.

‘ಲೋ, ಇದನ್ನೇ ಪರೀಕ್ಷೆಯಲ್ಲಿ ಬರಿಯೋ!’ ಅಂದೆ.

ಆ ಕಡೆ ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು.

‘ಅಂದ್ರೆ ಇದು ಬರುತ್ತೆ ಅಂತ ಆಯ್ತು, ಅಲ್ವಾ ಸಾರ್?’