ತಿಳಿಯುವರು, ಅರಿಯುವರು, ಮತ್ತೆಂತ ಮಾಡುವರು?

ಮಂಗಳೂರಿನಲ್ಲಿ ಬಿ.ಎಡ್. ಮಕ್ಕಳ ಪ್ರಾಕ್ಟೀಸ್ ಟೀಚಿಂಗ್ ಹತ್ತಿರ ಬಂತೆಂದು ಮೊದಲು ಗೊತ್ತಾಗುವುದು ಹಂಪನಕಟ್ಟೆಯ ಸ್ಟೇಷನರಿ ಅಂಗಡಿಯವರಿಗೆ. ಚಾರ್ಟ್ ಪೇಪರಿನ ಸುರುಳಿ, ಆರು ಬಣ್ಣದ ಸ್ಕೆಚ್ ಪೆನ್ನು, ಥರ್ಮೋಕೋಲು, ರೆಕಾರ್ಡಿಗೆ ಹಾಕಲು ಬ್ರೌನ್ ಪೇಪರು, ಎಲ್ಲ ಖಾಲಿ. ಪಾಠಯೋಜನೆಯ ಮೊದಲ ಪುಟಕ್ಕೆ ಬಾರ್ಡರ್ ಎಳೆಯಲಿಕ್ಕೆ ಒಂದು ಇಡೀ ಸಂಜೆ ಹೋಗುತ್ತದೆ. ಅದೇ ಪುಟದ ‘ಉದ್ದೇಶಗಳು’ ಎಂಬ ಕಾಲಂ ತುಂಬಲಿಕ್ಕೆ ಎರಡೇ ನಿಮಿಷ ಸಾಕು. ಆ ಎರಡು ನಿಮಿಷವೂ ಸೀನಿಯರ್ ಅಕ್ಕನ ರೆಕಾರ್ಡಿನಲ್ಲಿ ಆ ಪುಟ ಹುಡುಕಲಿಕ್ಕೆ.

ಸೀನಿಯರ್ ಅಕ್ಕ ಅದನ್ನು ಅವಳ ಸೀನಿಯರ್ ಅಕ್ಕನಿಂದ ಇಳಿಸಿಕೊಂಡಿರುತ್ತಾಳೆ. ಹೀಗೆ ತಲೆಮಾರಿನಿಂದ ತಲೆಮಾರಿಗೆ ಬಂದ ಆಸ್ತಿಯಲ್ಲಿ ಮೂರು ಸಾಲು ಗ್ಯಾರಂಟಿ. ಏಳನೇ ತರಗತಿಯ ಉಷ್ಣದ ಪಾಠದಲ್ಲಿ ಬರುವ ಕಡಲ ಗಾಳಿ, ನೆಲ ಗಾಳಿಯನ್ನೇ ತೆಗೆದುಕೊಳ್ಳಿ. “ವಿದ್ಯಾರ್ಥಿಗಳು ಕಡಲ ಗಾಳಿ ಮತ್ತು ನೆಲ ಗಾಳಿಯ ಬಗ್ಗೆ ತಿಳಿಯುವರು. ಅವುಗಳ ಮಹತ್ವವನ್ನು ಅರಿಯುವರು. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವರು.” ಇಷ್ಟೂ ನಲ್ವತ್ತು ನಿಮಿಷದಲ್ಲಿ, ಹಾಜರಿ ಕರೆಯುವುದು ಸೇರಿ! ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಮೂಲಭೂತ ಕರ್ತವ್ಯ ಎಂದು ಸಂವಿಧಾನಕ್ಕೆ ಸೇರಿಸಿದ್ದು 1976ರಲ್ಲಿ. ದೇಶಕ್ಕೆ ಅದು ಇನ್ನೂ ಪೂರ್ತಿ ಬಂದಿಲ್ಲ. ನೀವು ಮೂರನೇ ಪೀರಿಯಡ್ಡಿನ ಬೆಲ್ಲಿನೊಳಗೆ ಮುಗಿಸಿಬಿಡುತ್ತೀರಿ. ಧೈರ್ಯ ಮೆಚ್ಚಬೇಕು ಮಾರಾಯ್ರೆ.

ಸ್ಟೇಟ್ ಬ್ಯಾಂಕಿನಲ್ಲಿ ನಿಂತ ಸಿಟಿ ಬಸ್ಸಿನ ಬೋರ್ಡಿನಲ್ಲಿ ಸುರತ್ಕಲ್ ಎಂದು ಬರೆಯುವ ಬದಲು ‘ಉತ್ತರ ದಿಕ್ಕು’ ಎಂದು ಬರೆದಿದ್ದರೆ ನೀವು ಹತ್ತುತ್ತಿದ್ದಿರಾ? ‘ತಿಳಿಯುವರು’ ಎಂಬುದು ಅಂಥದ್ದೇ ಬೋರ್ಡು. ತಪ್ಪೇನಲ್ಲ, ಆದರೆ ಎಲ್ಲಿ ಇಳಿಯಬೇಕೆಂದು ಡ್ರೈವರಿಗೂ ಗೊತ್ತಿಲ್ಲ, ಪ್ಯಾಸೆಂಜರಿಗೂ ಗೊತ್ತಿಲ್ಲ.

ಈಗ ಮೆಥಡ್ ಮೇಡಂ ಹತ್ತಿರ ರೆಕಾರ್ಡ್ ಹೋಗುತ್ತದೆ.

“ತಿಳಿದರು ಅಂತ ನಿಂಗೆ ಹೇಗೆ ಗೊತ್ತಾಗ್ತದೆ ಮಾರಾಯ್ತಿ?”

“ಕೇಳಿದ್ರೆ ಹೇಳ್ತಾರೆ ಮೇಡಂ.”

“ಎಂತ ಕೇಳ್ತಿ?”

“ಕಡಲ ಗಾಳಿ ಅಂದ್ರೇನು ಅಂತ.”

“ಎಂತ ಹೇಳ್ತಾರೆ?”

“ಪುಸ್ತಕದಲ್ಲಿ ಉಂಟಲ್ಲ ಮೇಡಂ, ಅದು.”

ಸಿಕ್ಕಿಬಿತ್ತು ನೋಡಿ. ಬರೆದದ್ದು ‘ತಿಳಿಯುವರು’, ಮನಸ್ಸಿನಲ್ಲಿದ್ದದ್ದು ‘ಪುಸ್ತಕದ ವಾಕ್ಯ ಒಪ್ಪಿಸುವರು’. ಒಪ್ಪಿಸುವುದೇ ಗುರಿಯಾದರೆ ಹಾಗೇ ಬರೆಯಬಹುದು, ನಾಚಿಕೆ ಇಲ್ಲ. ಆದರೆ ಚಾರ್ಟು, ಪ್ರಯೋಗ, ಗುಂಪು ಚರ್ಚೆ ಎಲ್ಲ ಮತ್ತೆ ಯಾಕೆ?

ಈ ಮೇಡಂ ಕೇಳಿದ ಪ್ರಶ್ನೆಯನ್ನೇ ಅಮೆರಿಕದ ರಾಬರ್ಟ್ ಮೇಗರ್ ಎಂಬಾತ 1962ರಲ್ಲಿ ಒಂದು ಸಣ್ಣ ಪುಸ್ತಕ ಮಾಡಿ ಬರೆದ. ಉದ್ದೇಶ ಎಂದರೆ ಮೂರು ಸಂಗತಿ ಹೇಳಬೇಕು ಎಂದ. ಕಲಿತವನು ನಮ್ಮ ಕಣ್ಣಿಗೆ ಕಾಣುವಂತೆ ಏನು ಮಾಡುತ್ತಾನೆ, ಎಂಥ ಸನ್ನಿವೇಶದಲ್ಲಿ ಮಾಡುತ್ತಾನೆ, ಎಷ್ಟು ಚೆನ್ನಾಗಿ ಮಾಡಿದರೆ ಸಾಕು. ಅದಕ್ಕೆ ಮೊದಲೇ 1956ರಲ್ಲಿ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರ ವರ್ಗೀಕರಣ ಬಂದಿತ್ತು. ನಮ್ಮ ಮೈಸೂರಿನವರೇನು ಕಡಿಮೆಯೇ? 1963ರಲ್ಲಿ ಶುರುವಾದ ರೀಜನಲ್ ಕಾಲೇಜ್ ಆಫ್ ಎಜುಕೇಶನ್‌ನವರು ಬ್ಲೂಮ್‌ನ ಆರು ಮೆಟ್ಟಿಲುಗಳನ್ನು ಜ್ಞಾನ, ತಿಳುವಳಿಕೆ, ಅನ್ವಯ, ಸೃಜನಶೀಲತೆ ಎಂದು ನಾಲ್ಕಕ್ಕೆ ಇಳಿಸಿದರು. ಅವುಗಳ ಕೆಳಗೆ ಸ್ಮರಿಸುವುದು, ಗುರುತಿಸುವುದು, ಉದಾಹರಣೆ ಕೊಡುವುದು, ವ್ಯತ್ಯಾಸ ಹೇಳುವುದು, ಊಹಿಸುವುದು ಎಂದು ಹದಿನೇಳು ಮಾನಸಿಕ ಕ್ರಿಯೆಗಳನ್ನು ಜೋಡಿಸಿದರು. ದೇಶದ ಬಿ.ಎಡ್. ಪುಸ್ತಕಗಳಲ್ಲಿ ಅದು ಆರ್‌ಸಿಇಎಂ ಪದ್ಧತಿ ಎಂದೇ ಓಡಾಡುತ್ತಿದೆ. ಪರೀಕ್ಷೆಗೆ ಹದಿನೇಳನ್ನೂ ಬಾಯಿಪಾಠ ಮಾಡುತ್ತೀರಿ, ಪಾಠಯೋಜನೆ ಬರೆಯುವಾಗ ಮಾತ್ರ ‘ತಿಳಿಯುವರು’!

ಸರಿ, ಗೇಲಿ ಮಾಡಿದ್ದು ಸಾಕು, ಒಂದು ಉದ್ದೇಶ ಕಟ್ಟುವ. ಹಿಂದಿನಿಂದ ಮುಂದಕ್ಕೆ ಬರಬೇಕು. ಚಾರ್ಟು ಬದಿಗಿಡಿ. ಪೀರಿಯಡ್ಡಿನ ಕೊನೆಯ ಐದು ನಿಮಿಷದಲ್ಲಿ ಮಕ್ಕಳ ಕೈಗೆ ಕೊಡುವ ಚೀಟಿಯಲ್ಲಿ ಏನಿರುತ್ತದೆ ಎಂದು ಮೊದಲು ಯೋಚಿಸಿ. ಒಂದು ಕಡೆ ಕಡಲು, ಒಂದು ಕಡೆ ನೆಲ, ಅಷ್ಟೇ ಗೆರೆ ಇರುವ ಎರಡು ಚಿತ್ರ. ಒಂದರ ಮೇಲೆ ಸೂರ್ಯ, ಇನ್ನೊಂದರ ಮೇಲೆ ಚಂದ್ರ. ಮಗು ಎರಡರಲ್ಲೂ ಗಾಳಿಯ ಬಾಣ ಎಳೆಯಬೇಕು, ಕೆಳಗೆ ಕಾರಣ ಬರೆಯಬೇಕು. ಈಗ ಉದ್ದೇಶ ತಾನಾಗಿಯೇ ಬರುತ್ತದೆ: “ಹಗಲು ಮತ್ತು ರಾತ್ರಿಯ ಕಡಲತೀರದ ಖಾಲಿ ಚಿತ್ರಗಳನ್ನು ಕೊಟ್ಟಾಗ, ವಿದ್ಯಾರ್ಥಿಯು ಗಾಳಿ ಬೀಸುವ ದಿಕ್ಕನ್ನು ಬಾಣದಿಂದ ತೋರಿಸಿ, ನೆಲ ಮತ್ತು ನೀರು ಬಿಸಿಯಾಗುವ ವೇಗದ ವ್ಯತ್ಯಾಸವನ್ನು ಹೇಳಿ ಕಾರಣ ಬರೆಯುತ್ತಾನೆ.” ಎಷ್ಟು ಚೆನ್ನಾಗಿ ಎಂಬುದಕ್ಕೆ ಎರಡೂ ಬಾಣ ಸರಿಯಿರಬೇಕು, ಕಾರಣದಲ್ಲಿ ನೆಲ, ನೀರು ಎರಡರ ಮಾತೂ ಬರಬೇಕು ಎಂದಿಟ್ಟುಕೊಂಡರೆ ಸಾಕು. ಕೆಲವರು ‘ಶೇಕಡಾ 80ರಷ್ಟು ಸರಿಯಾಗಿ’ ಎಂದು ಬರೆಯುವುದುಂಟು. ಎರಡು ಬಾಣದಲ್ಲಿ ಶೇಕಡಾ 80 ಎಷ್ಟು, ಸ್ವಲ್ಪ ಲೆಕ್ಕ ಮಾಡಿ ತೋರಿಸಿ ನೋಡುವ.

ಚೀಟಿ ತಯಾರಾದ ಮೇಲೆ ಪಾಠದಲ್ಲಿ ಏನು ಬೇಕು, ಏನು ಬೇಡ ಎಂಬುದೂ ಗೊತ್ತಾಗುತ್ತದೆ. ಒಂದು ಡಬ್ಬದಲ್ಲಿ ಪಣಂಬೂರಿನ ಮರಳು, ಇನ್ನೊಂದರಲ್ಲಿ ಅಷ್ಟೇ ತೂಕದ ನೀರು, ಎರಡಕ್ಕೂ ಥರ್ಮಾಮೀಟರು. ಬಿಸಿಲಿಗಿಟ್ಟರೆ ಮರಳಿನ ಪಾದರಸ ಮೊದಲು ಏರುತ್ತದೆ, ನೆರಳಿಗೆ ತಂದರೆ ಮೊದಲು ಇಳಿಯುವುದೂ ಅದೇ. ಬಿಸಿಯಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲ ಮೇಲಿನ ತಂಪು ಗಾಳಿ ಬರುತ್ತದೆ. ರಾತ್ರಿ ಇದು ತಿರುಗುಮುರುಗು. ಇಷ್ಟು ಬೇಕು. ಅರಬ್ಬಿ ಸಮುದ್ರದ ವಿಸ್ತೀರ್ಣ ಬೇಡ, ಥರ್ಮೋಕೋಲಿನ ಲೈಟ್‌ಹೌಸೂ ಬೇಡ. ಅದನ್ನು ಮಾಡಲಿಕ್ಕೆ ಎರಡು ರಾತ್ರಿ ನಿದ್ದೆಗೆಟ್ಟದ್ದು ನನಗೆ ಗೊತ್ತು, ಆದರೂ ಬೇಡ.

ಮೇಡಂ ಬೈದರೆಂದು ಕೆಲವರು ಉದ್ದೇಶವನ್ನು ಹೀಗೆ ತಿದ್ದುತ್ತಾರೆ: “ಪ್ರಯೋಗದ ಮೂಲಕ ಕಡಲ ಗಾಳಿಯನ್ನು ವಿವರಿಸುವುದು.” ಯಾರು ವಿವರಿಸುವುದು? ನೀವು. ಅದು ನಿಮ್ಮ ಕೆಲಸದ ಪಟ್ಟಿ, ಮಗುವಿನ ಕಲಿಕೆಯಲ್ಲ. ಇನ್ನು ಕೆಲವರು “ವಿದ್ಯಾರ್ಥಿಗಳು ಗುಂಪಿನಲ್ಲಿ ಪ್ರಯೋಗ ಮಾಡುವರು” ಎನ್ನುತ್ತಾರೆ. ಮಾಡುವರು, ಖಂಡಿತ ಮಾಡುವರು, ಮರಳು ಒಬ್ಬರ ತಲೆಗೊಬ್ಬರು ಹಾಕಿಕೊಳ್ಳುವರು ಕೂಡ. ಪ್ರಯೋಗ ಮುಗಿದ ಮೇಲೆ ಅವರಿಗೆ ಹೊಸದಾಗಿ ಏನು ಮಾಡಲಿಕ್ಕೆ ಬರುತ್ತದೆ ಎಂಬುದು ಉದ್ದೇಶ. ಪ್ರಯೋಗ ಅದಕ್ಕೆ ದಾರಿ, ಅಷ್ಟೆ.

ಇನ್ನೊಂದು ಗುಟ್ಟು, ಇದನ್ನು ಕ್ರಿಯಾಪದದ ಪಟ್ಟಿ ಕೊಡುವವರು ಹೇಳುವುದಿಲ್ಲ. ‘ಅನ್ವಯ’ದ ಕಾಲಂನಲ್ಲಿ ‘ಊಹಿಸುತ್ತಾನೆ’ ಎಂದು ಬರೆದ ಮಾತ್ರಕ್ಕೆ ಅದು ಅನ್ವಯ ಆಗುವುದಿಲ್ಲ. ಮೇಲಿನ ಆ ಎರಡು ಚಿತ್ರಗಳನ್ನು ನೀವೇ ಬೋರ್ಡಿನಲ್ಲಿ ಬಿಡಿಸಿ ಬಾಣ ಹಾಕಿ ತೋರಿಸಿದ್ದರೆ, ಚೀಟಿಯಲ್ಲಿ ಮಗು ಮಾಡುವುದು ನೆನಪಿನ ಕೆಲಸ, ನೀವು ಅದಕ್ಕೆ ಎಂಥ ದೊಡ್ಡ ಕ್ರಿಯಾಪದ ಅಂಟಿಸಿದರೂ. ಸನ್ನಿವೇಶ ಹೊಸತಾದರೆ ಮಾತ್ರ ಅನ್ವಯ. ಹಾಗಾದರೆ ಹೊಸತು ಕೊಡಿ: ಇಂಜಿನ್ ಇಲ್ಲದ ಕಾಲದಲ್ಲಿ ನಮ್ಮ ಮೀನುಗಾರರು ಹಾಯಿದೋಣಿಯಲ್ಲಿ ಬೆಳಗಿನ ಜಾವಕ್ಕೆ ಕಡಲಿಗೆ ಹೊರಟು ಮಧ್ಯಾಹ್ನದ ಮೇಲೆ ಮರಳುತ್ತಿದ್ದರು, ಯಾಕಿರಬಹುದು? ಈ ದೋಣಿಯ ಮಾತನ್ನು ಪಾಠದ ನಡುವೆ ಬಾಯಿತಪ್ಪಿಯೂ ಎತ್ತಬಾರದು. ಎತ್ತಿದಿರೋ, ಒಳ್ಳೆಯ ಪ್ರಶ್ನೆಯೊಂದು ಅಲ್ಲೇ ಕೆಟ್ಟಿತು. ನಮ್ಮ ಟೀಚರುಗಳಿಗೆ ಇದೇ ಕಷ್ಟ. ರುಚಿಯಾದ ಉದಾಹರಣೆ ಇದ್ದರೆ ಕೊನೆಯವರೆಗೆ ಬಚ್ಚಿಡಲಿಕ್ಕೆ ಆಗುವುದಿಲ್ಲ, ಮೊದಲ ಹತ್ತು ನಿಮಿಷದಲ್ಲೇ ಹೇಳಿ ಖುಷಿಪಡುತ್ತಾರೆ.

ಮೇಗರ್ ಹೇಳಿದ ‘ಸನ್ನಿವೇಶ’ದ ಭಾಗವನ್ನು ಹಾರಿಸಿದರೆ ಏನಾಗುತ್ತದೆ ಎಂದು ನೋಡಬೇಕಾದರೆ ಈ ಪಾಠವನ್ನು ಜುಲೈಯಲ್ಲಿ ಮಾಡಿ. ಹೊರಗೆ ಧೋ ಎಂದು ಮಳೆ. ಬಿಸಿಲಿಲ್ಲ, ಡಬ್ಬಗಳ ಮೇಲೆ ನೂರು ವ್ಯಾಟಿನ ಬಲ್ಬು ಹಿಡಿದು ಹೇಗೋ ಸುಧಾರಿಸಿದಿರಿ. ರಾತ್ರಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಬೆಂಗ್ರೆ ಕಡೆಯ ಹುಡುಗನೊಬ್ಬ ಏಳುತ್ತಾನೆ.

“ಟೀಚರ್, ನಿನ್ನೆ ರಾತ್ರಿಯೂ ಗಾಳಿ ಕಡಲಿಂದಲೇ ಬಂದದ್ದು. ನಮ್ಮ ಮನೆಯ ಟರ್ಪಾಲು ಹಾರಿ ಹೋಯ್ತು.”

ಹಿಂದಿನ ಬೆಂಚಿನಲ್ಲಿ ರೆಕಾರ್ಡ್ ಹಿಡಿದು ಕೂತ ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಹುಡುಗ ಹೇಳಿದ್ದು ನೂರಕ್ಕೆ ನೂರು ಸರಿ. ಜೂನಿನಿಂದ ಸೆಪ್ಟೆಂಬರಿನ ತನಕ ನೈಋತ್ಯ ಮಾರುತದ ಅಬ್ಬರದಲ್ಲಿ ಈ ಸಣ್ಣ ದೈನಿಕ ಗಾಳಿಯಾಟ ಮುಳುಗಿಹೋಗುತ್ತದೆ. ಮೋಡ ಮುಚ್ಚಿದ್ದರೆ ನೆಲ ಅಷ್ಟು ಬಿಸಿಯಾಗುವುದೂ ಇಲ್ಲ. ಚೆನ್ನಾಗಿ ಗೊತ್ತಾಗುವುದು ಮಳೆಗಾಲ ಕಳೆದ ಶುಭ್ರ ದಿನಗಳಲ್ಲಿ. ಹಾಗಾಗಿ ಉದ್ದೇಶಕ್ಕೆ ಒಂದು ತುಂಡು ಸೇರಬೇಕು: “ಮಳೆಗಾಲವಲ್ಲದ, ಮೋಡವಿಲ್ಲದ ದಿನದ ಚಿತ್ರಗಳನ್ನು ಕೊಟ್ಟಾಗ...” ಇದು ಅಲಂಕಾರದ ಮಾತಲ್ಲ. ಇದಿಲ್ಲದಿದ್ದರೆ ಆ ಹುಡುಗನ ಸರಿ ಉತ್ತರಕ್ಕೆ ನೀವು ತಪ್ಪು ಹಾಕಿಬಿಡುತ್ತೀರಿ.

ಬರೆದ ಉದ್ದೇಶ ಸ್ಪಷ್ಟವಾಗಿದೆಯೋ ಇಲ್ಲವೋ ಎಂದು ತಿಳಿಯಲಿಕ್ಕೆ ಹಾಸ್ಟೆಲಿನಲ್ಲೇ ಒಂದು ಪರೀಕ್ಷೆ ಮಾಡಬಹುದು. ಪಾಠ ತೋರಿಸದೆ, ಉದ್ದೇಶದ ಸಾಲನ್ನು ಮಾತ್ರ ಇಬ್ಬರು ಗೆಳತಿಯರಿಗೆ ಕೊಟ್ಟು, ಇದಕ್ಕೆ ಒಂದು ಪ್ರಶ್ನೆ ಬರೆಯಿರಿ ಎನ್ನಿ. ಇಬ್ಬರ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ ಬಗೆಯದಾದರೆ ಉದ್ದೇಶ ಗಟ್ಟಿ. ಒಬ್ಬಳು ‘ಬಿಟ್ಟ ಸ್ಥಳ ತುಂಬಿರಿ’, ಇನ್ನೊಬ್ಬಳು ‘ಪ್ರಬಂಧ ಬರೆಯಿರಿ’ ಎಂದು ಬರೆದರೆ ನಿಮ್ಮ ಸಾಲಿನಲ್ಲಿ ಎಲ್ಲೋ ಮಂಜು ಮುಚ್ಚಿದೆ. ‘ವಿವರಿಸುತ್ತಾನೆ’ ಎಂದು ಬರೆದವರಿಗೆ ಇದು ಹೆಚ್ಚು.

ಕನ್ನಡ ಮೆಥಡ್‌ನವರು ಇಷ್ಟು ಹೊತ್ತು ನಗುತ್ತ ಕೂತಿದ್ದರು, ಅವರಿಗೂ ಒಂದು ಮಾತು. ಪದ್ಯದ ಪಾಠದಲ್ಲಿ ‘ಆಸ್ವಾದಿಸುವರು’ ಎಂಬುದನ್ನು ಚೀಟಿಯಲ್ಲಿ ಅಳೆಯಲಿಕ್ಕೆ ಆಗುವುದಿಲ್ಲ, ನಿಜ. ಎಲ್ಲ ಕಲಿಕೆಯನ್ನೂ ಮೊದಲೇ ಬರೆದಿಡಲಾಗದು ಎಂದು ಎಲಿಯಟ್ ಐಸ್ನರ್ 1960ರ ದಶಕದಲ್ಲೇ ಜಗಳ ತೆಗೆದಿದ್ದ, ಅವನ ಮಾತಿನಲ್ಲಿ ಹುರುಳಿದೆ. ಆದರೆ ಅದು ಪದ್ಯದ ಹೊಸ ಪದಗಳ ಅರ್ಥಕ್ಕೂ ‘ಆಸ್ವಾದಿಸುವರು’ ಎಂದು ಬರೆಯಲು ಸಿಕ್ಕಿದ ಪರವಾನಗಿಯಲ್ಲ.

ಪಾಠ ಮುಗಿಸಿ ಬಂದ ಸಂಜೆ ಚೀಟಿಗಳನ್ನು ಮೂರು ರಾಶಿ ಮಾಡಿ. ಬಾಣವೂ ಕಾರಣವೂ ಸರಿ ಇದ್ದದ್ದು ಒಂದು. ಬಾಣ ಸರಿ, ಕಾರಣ ತಪ್ಪು ಇನ್ನೊಂದು. ಬಾಣವೇ ಉಲ್ಟಾ ಮೂರನೆಯದು. ಮೂರನೆಯ ರಾಶಿಯಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಾಣಬಹುದು: ಕಡಲ ಗಾಳಿ ಎಂದರೆ ಕಡಲಿನ ಕಡೆಗೆ ಹೋಗುವ ಗಾಳಿ ಎಂದು ಮಕ್ಕಳು ತಿಳಿದಿರುತ್ತಾರೆ. ಇವರ ಗಲಿಬಿಲಿ ಹೆಸರಿನದ್ದು, ಅದು ಐದು ನಿಮಿಷದ ಕೆಲಸ. ಎರಡನೆಯ ರಾಶಿ ದಪ್ಪಗಿದ್ದರೆ ಮರಳಿನ ಡಬ್ಬ ನಾಳೆಯೂ ಹೊತ್ತುಕೊಂಡು ಹೋಗಬೇಕು, ನಾಳಿನ ಉದ್ದೇಶದ ಮೊದಲ ಸಾಲು ಆ ಕಾರಣದ ಬಗ್ಗೆಯೇ ಇರಬೇಕು. ರೆಕಾರ್ಡ್ ಪುಸ್ತಕದಲ್ಲಿ ಇದಕ್ಕೆ ಕಾಲಂ ಇಲ್ಲದಿದ್ದರೆ ಆ ಬಣ್ಣದ ಬಾರ್ಡರಿನ ಪಕ್ಕ ಪೆನ್ಸಿಲಿನಲ್ಲಿ ಬರೆದಿಡಿ, ಅಲ್ಲಿ ಜಾಗ ಬೇಕಾದಷ್ಟು ಉಂಟು.